ರಾತ್ರಿ ಕುಡಿದದ್ದು ಬೆಳಿಗ್ಗೆ ಆರಕ್ಕೆ ಇಳಿದಿರುತ್ತಾ? ನೆಗಡಿ ಮಾತ್ರೆ, ಭಂಗಿ ಲೆಕ್ಕವೂ ಬೇಕು

ಹೆದ್ದಾರಿ_ಹಕ್ಕಿ · ಗುರುವಾರ, ರಾತ್ರಿ 9:12

ಶನಿವಾರ ರಾತ್ರಿ ದಾವಣಗೆರೆಯಲ್ಲಿ ಬೀಗರೂಟ. ಭಾನುವಾರ ಬೆಳಿಗ್ಗೆ ಆರಕ್ಕೆ ಬೆಂಗಳೂರಿಗೆ ಹೊರಡಬೇಕು. ಕಾರಲ್ಲಿ ಐದು ಜನ, ಅದರಲ್ಲಿ ಒಂದು ಮಗು. ಲೈಸೆನ್ಸ್ ಇರೋರು ಮೂವರು.

ಒಂದು: ನಾನು. ತೂಕ 70 ಕೆ.ಜಿ. ರಾತ್ರಿ ಒಂಬತ್ತರಿಂದ ಹನ್ನೆರಡರ ಒಳಗೆ ಒಂದು ಕ್ವಾರ್ಟರ್ ವಿಸ್ಕಿ, ಅಂದರೆ 180 ಮಿ.ಲೀ., ಊಟದ ಜೊತೆ. ಅದಕ್ಕಿಂತ ಜಾಸ್ತಿ ಮಾಡಲ್ಲ.

ಎರಡು: ಭಾವ. ಕುಡಿಯೋದೇ ಇಲ್ಲ. ಆದರೆ ಜೋರು ನೆಗಡಿ, ಮಲಗುವಾಗ ನೆಗಡಿ ಮಾತ್ರೆ ತಗೋತಾರೆ.

ಮೂರು: ಭಾವನ ಗೆಳೆಯ. ಅವನೂ ಕುಡಿಯಲ್ಲ, ಆದರೆ ಯಾರೋ ಭಂಗಿ ಉಂಡೆ ತರ್ತಾರಂತೆ, "ಅದು ಬರೀ ಸೊಪ್ಪು, ನಿದ್ದೆ ಮಾಡಿದ್ರೆ ಹೋಗುತ್ತೆ" ಅಂತಾನೆ.

ಮನೆಯವರ ತೀರ್ಮಾನ ಆಗಲೇ ಆಗಿಹೋಗಿದೆ, ಭಾವನೇ ಓಡಿಸ್ತಾರೆ ಅಂತ. ಇದು ಸರಿನಾ? ಗೊತ್ತಿರೋರು ಲೆಕ್ಕ ಹಾಕಿ ಹೇಳಿ.

ಗೇರ್_ಬಾಕ್ಸ್ · ರಾತ್ರಿ 9:31

ಇದಕ್ಕೆ ಅಷ್ಟೊಂದು ತಲೆ ಕೆಡಿಸ್ಕೋಬೇಡಿ ಗುರು. ಒಂದು ಪೆಗ್ಗಿಗೆ ಒಂದು ಗಂಟೆ, ಇದು ಎಲ್ಲ ಕಡೆ ಒಪ್ಪಿರೋ ಲೆಕ್ಕ. ಕ್ವಾರ್ಟರ್ ಅಂದ್ರೆ ಆರು ಸ್ಮಾಲು, ಆರು ಗಂಟೆ. ಹನ್ನೆರಡಕ್ಕೆ ನಿಲ್ಲಿಸಿದ್ರೆ ಆರಕ್ಕೆ ಪೂರ್ತಿ ಖಾಲಿ. ಎದ್ದ ಮೇಲೆ ಒಂದು ಲೋಟ ಹುಳಿ ಮಜ್ಜಿಗೆ, ಒಂದು ಸ್ಟ್ರಾಂಗ್ ಕಾಫಿ, ಹೊರಡಿ. ಭಾವ ಓಡಿಸಿದ್ರಂತೂ ಪ್ರಶ್ನೆನೇ ಇಲ್ಲ, ಕುಡಿದೇ ಇಲ್ವಲ್ಲ.

ರಕ್ತನಮೂನೆ · ರಾತ್ರಿ 10:05

ಗೇರ್_ಬಾಕ್ಸ್ ಅವರು ಹೇಳಿದ ಅಡಿಪಾಯ ಸರಿ: ಮದ್ಯ ಇಳಿಯುವುದು ಗಡಿಯಾರದ ಲೆಕ್ಕದಲ್ಲೇ. ಯಕೃತ್ತು ಗಂಟೆಗೆ ಇಷ್ಟು ಅಂತ ಒಂದೇ ವೇಗದಲ್ಲಿ ಸುಡುತ್ತದೆ, ಜಾಸ್ತಿ ಕುಡಿದರೆ ಬೇಗ ಬೇಗ ಸುಡುವುದಿಲ್ಲ. ತಪ್ಪಿರುವುದು ಪೆಗ್ಗಿನ ಅಳತೆಯಲ್ಲಿ.

ನಮ್ಮಲ್ಲಿ ವಿಸ್ಕಿ 42.8 ಪರ್ಸೆಂಟ್. 30 ಮಿ.ಲೀ. ಸ್ಮಾಲಿನಲ್ಲಿ ಶುದ್ಧ ಮದ್ಯಸಾರ ಸುಮಾರು 10 ಗ್ರಾಂ. 70 ಕೆ.ಜಿ. ಗಂಡಸಿನ ದೇಹ ಗಂಟೆಗೆ ಸುಡುವುದು ಸುಮಾರು 7 ಗ್ರಾಂ. ಅಂದರೆ ಸ್ಮಾಲ್ ಒಂದಕ್ಕೆ ಹತ್ತಿರ ಹತ್ತಿರ ಒಂದೂವರೆ ಗಂಟೆ, ಲಾರ್ಜ್ ಒಂದಕ್ಕೆ ಮೂರು ಗಂಟೆಗೆ ಸ್ವಲ್ಪ ಕಮ್ಮಿ. "ಪೆಗ್ಗಿಗೆ ಗಂಟೆ" ಅನ್ನುವವರು ಬಹುತೇಕ ಲಾರ್ಜನ್ನೇ ಪೆಗ್ಗು ಅಂತ ಎಣಿಸುತ್ತಾರೆ, ಅಲ್ಲಿಗೆ ಲೆಕ್ಕ ಮೂರು ಪಟ್ಟು ಎಡವಟ್ಟು.

ಈಗ ಹೆದ್ದಾರಿ_ಹಕ್ಕಿಯವರದ್ದೇ ತೆಗೆದುಕೊಳ್ಳೋಣ. 180 ಮಿ.ಲೀ.ಯಲ್ಲಿ ಮದ್ಯಸಾರ 61 ಗ್ರಾಂ. ಗಂಡಸಿನಲ್ಲಿ ಅದು ಹರಡಿಕೊಳ್ಳುವುದು ತೂಕದ ಸುಮಾರು 0.68 ಪಾಲಿನಲ್ಲಿ, 70 ಕೆ.ಜಿ.ಗೆ 47.6. ಭಾಗಿಸಿದರೆ 100 ಮಿ.ಲೀ. ರಕ್ತಕ್ಕೆ ಸುಮಾರು 128 ಮಿಲಿಗ್ರಾಂ. ಇದು ಒಟ್ಟು ಸಾಲ. ಇದರಿಂದ ಕಳೆಯುತ್ತಾ ಹೋಗಬೇಕು, ಮೊದಲ ಗುಟುಕಿನ ಹೊತ್ತಿನಿಂದ.

ಸಾಧಾರಣ ವೇಗ ಗಂಟೆಗೆ 15. ಒಂಬತ್ತರಿಂದ ಆರಕ್ಕೆ ಒಂಬತ್ತು ಗಂಟೆ, 135 ಇಳಿಯುತ್ತದೆ, ಅಂದರೆ ಸೊನ್ನೆ. ಚೆನ್ನಾಗಿದೆ ಅನಿಸುತ್ತದೆ ಅಲ್ಲವೇ? ಆದರೆ 15 ಎಂಬುದು ಸರಾಸರಿ. ಆರೋಗ್ಯವಂತರಲ್ಲೇ 10ರಿಂದ 20ರವರೆಗೆ ವ್ಯತ್ಯಾಸ ಇರುತ್ತದೆ. ನಿಮ್ಮದು 12 ಆದರೆ ಆರು ಗಂಟೆಗೆ ಇನ್ನೂ 20 ಉಳಿದಿರುತ್ತದೆ. 10 ಆದರೆ 38. ನಮ್ಮ ಕಾನೂನಿನ ಮಿತಿ 30. ನಿಮ್ಮದು ಯಾವ ವೇಗ ಅಂತ ತಿಳಿಯುವ ದಾರಿ ನಿಮಗಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬೀಗರೂಟದಲ್ಲಿ ಅಳತೆಯ ಲೋಟ ಯಾರು ಇಟ್ಟುಕೊಂಡಿರುತ್ತಾರೆ? ಕೈಯಳತೆಯಲ್ಲಿ ಸುರಿದ "ಅರವತ್ತು" ಸಲೀಸಾಗಿ ಎಂಬತ್ತಾಗುತ್ತದೆ. ಮೂರು ಲಾರ್ಜ್ ಅಂತ ನೀವು ಎಣಿಸಿದ್ದು 240 ಮಿ.ಲೀ. ಆಗಿದ್ದರೆ ಸಾಲ 128 ಅಲ್ಲ, 170. ಸಾಧಾರಣ ವೇಗದಲ್ಲೇ ಆರು ಗಂಟೆಗೆ 35 ಬಾಕಿ. ಯಾರೋ ಒತ್ತಾಯ ಮಾಡಿ ನಿಮ್ಮ 180ರ ಮೇಲೆ ಸರಿಯಾಗಿ ಅಳೆದ ಇನ್ನೆರಡು ಲಾರ್ಜ್ ಹಾಕಿದರು, ಒಟ್ಟು 300 ಮಿ.ಲೀ. ಎಂದುಕೊಳ್ಳಿ: ಸಾಲ 213. ಆರು ಗಂಟೆಗೆ 78. ಮಿತಿಯ ಕೆಳಗೆ ಬರುವುದು ಒಂಬತ್ತು ದಾಟಿದ ಮೇಲೆ, ಪೂರ್ತಿ ಇಳಿಯುವುದು ಹನ್ನೊಂದರ ಮೇಲೆ.

ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ, ವಾಂತಿ, ಇವು ಯಾವುದೂ ಈ ಕಳೆಯುವ ಲೆಕ್ಕವನ್ನು ಮುಟ್ಟುವುದಿಲ್ಲ. ಕಾಫಿ ಕುಡಿದವರು ಎಚ್ಚರವಾಗಿರುವ ಕುಡುಕರಾಗುತ್ತಾರೆ, ಅಷ್ಟೇ.

ಬಸವರಾಜ_ಹುಬ್ಬಳ್ಳಿ · ರಾತ್ರಿ 10:22

ಇಷ್ಟ್ಯಾಕ ಲೆಕ್ಕಾ ಹಾಕ್ತೀರಿ? ಐತವಾರ ಮುಂಜಾನೆ ಆರಕ್ಕ ಯಾವ ಪೊಲೀಸ್ರೂ ಊದಸಂಗಿಲ್ರಿ. ಅವರ ತಪಾಸಣಿ ಎಲ್ಲಾ ರಾತ್ರಿ ಹನ್ನೊಂದರಿಂದ ಎರಡರ ತನಕ. ಆರಾಮ ಹೋಗ್ರಿ.

ಹೆದ್ದಾರಿ_ಹಕ್ಕಿ · ರಾತ್ರಿ 10:26

ಅಣ್ಣಾ, ಪೊಲೀಸರನ್ನ ತಪ್ಪಿಸೋದು ಹೇಗೆ ಅಂತ ಕೇಳಿಲ್ಲ. ಹಿಂದಿನ ಸೀಟಲ್ಲಿ ಮೂರು ವರ್ಷದ ಮಗು ಇರುತ್ತೆ.

ರಕ್ತನಮೂನೆ · ರಾತ್ರಿ 10:48

ಬಸವರಾಜ ಅವರಿಗೆ ಒಂದು ಮಾತು. 30 ಎಂಬುದು ಮೋಟಾರು ವಾಹನ ಕಾಯ್ದೆಯ 185ನೇ ಕಲಂನ ಗೆರೆ. ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಕಣ್ಣು-ಕೈ ಸಡಿಲಾಗುವುದು ಆ ಗೆರೆ ನೋಡಿಕೊಂಡಲ್ಲ. ಎರಡು ಕೆಲಸ ಒಟ್ಟಿಗೆ ಮಾಡುವ ಶಕ್ತಿ, ಅಂದರೆ ಸ್ಟೇರಿಂಗ್ ನೇರ ಇಟ್ಟುಕೊಂಡೇ ಎಡಗಡೆಯ ಬೈಕನ್ನು ಗಮನಿಸುವುದು, 30ಕ್ಕಿಂತ ಕೆಳಗೇ ಕುಂದಲು ಶುರುವಾಗುತ್ತದೆ.

ಇನ್ನೊಂದು ವಿಚಿತ್ರ ಇದೆ. ಏರುವಾಗ ಮತ್ತು ಇಳಿಯುವಾಗ ರಕ್ತದಲ್ಲಿ ಒಂದೇ ಅಂಕಿ ಇದ್ದರೂ ಇಳಿಯುವಾಗ "ನಾನು ಸರಿಯಾಗಿದ್ದೀನಿ" ಅನಿಸುತ್ತದೆ. ಅಮಲಿನ ಅನುಭವ ಬೇಗ ಇಳಿಯುತ್ತದೆ, ವಾಹನ ಓಡಿಸುವ ಸಾಮರ್ಥ್ಯ ಅಷ್ಟು ಬೇಗ ಹಿಂದಿರುಗುವುದಿಲ್ಲ. ಬೆಳಿಗ್ಗೆ ಆರು ಗಂಟೆಯ ಮನುಷ್ಯ ಇರುವುದು ಇಳಿಯುವ ಕಡೆಯಲ್ಲೇ. ಆದ್ದರಿಂದ ಅವನ ಮಾತು ನಂಬಬಾರದು, ಸೀಸೆ ನೋಡಬೇಕು.

ತುಂಗಾತೀರ · ರಾತ್ರಿ 11:02

ಈ ಅಂಕಿಗಳೆಲ್ಲ ಗಂಡಸರದ್ದು. ಹೆಂಗಸರಿಗೆ ಎಷ್ಟು? 55 ಕೆ.ಜಿ., ಒಂದು ನೈಂಟಿ ಟೆಟ್ರಾ ಪ್ಯಾಕ್ ಅಂದುಕೊಳ್ಳಿ. ಮತ್ತೆ ಬಿಯರ್ ಆದರೆ ಪರವಾಗಿಲ್ಲ ಅಂತಾರಲ್ಲ?

ರಕ್ತನಮೂನೆ · ರಾತ್ರಿ 11:20

ಹೆಂಗಸರ ದೇಹದಲ್ಲಿ ನೀರಿನ ಪಾಲು ಕಮ್ಮಿ, ಹಾಗಾಗಿ 0.68ರ ಬದಲು ಸುಮಾರು 0.55. 55 ಕೆ.ಜಿ.ಗೆ ಅದು 30 ಚಿಲ್ಲರೆ. ನೈಂಟಿಯಲ್ಲಿ 30 ಗ್ರಾಂ ಮದ್ಯಸಾರ, ಅಂದರೆ ಸಾಲ ಸುಮಾರು 100. ಅದೇ ನೈಂಟಿ 70 ಕೆ.ಜಿ. ಗಂಡಸಿಗೆ 64. ಒಂದೇ ಪ್ಯಾಕು, ಇಳಿಯಲು ಗಂಡಸಿಗೆ ನಾಲ್ಕು ಗಂಟೆ ಚಿಲ್ಲರೆ, ಹೆಂಗಸಿಗೆ ಹತ್ತಿರ ಏಳು. (ಹೆಂಗಸರಲ್ಲಿ ಇಳಿಯುವ ವೇಗ ಸರಾಸರಿ ಸ್ವಲ್ಪ ಹೆಚ್ಚು, ಆದರೆ ಅದನ್ನು ನಂಬಿ ಹೊರಡುವಷ್ಟು ದೊಡ್ಡದಲ್ಲ.)

ಬಿಯರ್: 650 ಮಿ.ಲೀ. ಸ್ಟ್ರಾಂಗ್, 7 ಪರ್ಸೆಂಟ್ ಅಂತ ಲೇಬಲ್ಲಿನಲ್ಲಿದ್ದರೆ ಒಳಗಿರುವುದು 36 ಗ್ರಾಂ. ನೈಂಟಿಗಿಂತ ಜಾಸ್ತಿ. "ಬಿಯರಷ್ಟೇ" ಎಂಬ ಮಾತು ಬಾಟಲಿಯ ಬಣ್ಣ ನೋಡಿ ಹುಟ್ಟಿದ್ದು.

ಮದ್ದಿನಂಗಡಿ · ಶುಕ್ರವಾರ, ಬೆಳಿಗ್ಗೆ 7:40

ಎಲ್ಲರೂ ವಿಸ್ಕಿ ಹಿಂದೆ ಬಿದ್ದಿದ್ದೀರಿ. ನನಗೆ ಭಯ ಇರೋದು ಭಾವನ ಬಗ್ಗೆ. ಯಾಕಂದ್ರೆ ಅವರ ಮೇಲೆ ಯಾರಿಗೂ ಅನುಮಾನ ಇಲ್ಲ, ಅವರಿಗೂ ಇಲ್ಲ.

ಹೆದ್ದಾರಿ_ಹಕ್ಕಿಯವರೇ, ಮಾತ್ರೆ ಪಟ್ಟಿಯ ಹಿಂಭಾಗ ತಿರುಗಿಸಿ, ಬ್ರ್ಯಾಂಡ್ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ. ಪ್ಯಾರಾಸಿಟಮಾಲ್, ಫಿನೈಲ್‌ಎಫ್ರಿನ್, ಮೂರನೆಯದು ಕ್ಲೋರ್‌ಫೆನಿರಮಿನ್ ಅಂತ ಇದೆಯಾ?

ಹೆದ್ದಾರಿ_ಹಕ್ಕಿ · ಬೆಳಿಗ್ಗೆ 8:15

ಹೌದು ಮೇಡಂ, ಅದೇ ಮೂರು. ಕ್ಲೋರ್‌ಫೆನಿರಮಿನ್ ಮ್ಯಾಲಿಯೇಟ್ 2 ಮಿ.ಗ್ರಾಂ. ಭಾವ ಒಂದೊಂದ್ಸಲ ಎರಡು ನುಂಗ್ತಾರೆ. ಆದರೆ ಆರು ಗಂಟೆಗೊಂದು ತಗೊಳ್ಳಿ ಅಂತಾರಲ್ಲ, ರಾತ್ರಿ ಹನ್ನೆರಡಕ್ಕೆ ತಗೊಂಡ್ರೆ ಬೆಳಿಗ್ಗೆ ಆರಕ್ಕೆ ಪವರ್ ಮುಗಿದಿರುತ್ತೆ ತಾನೆ?

ಮದ್ದಿನಂಗಡಿ · ಬೆಳಿಗ್ಗೆ 8:50

ಎಲ್ಲರೂ ಜಾರೋದು ಇಲ್ಲೇ. ಆರು ಗಂಟೆ ಅನ್ನೋದು ಮತ್ತೆ ಮೂಗು ಸೋರಕ್ಕೆ ಶುರುವಾಗೋ ಹೊತ್ತು. ಔಷಧಿ ದೇಹ ಬಿಟ್ಟು ಹೋಗೋ ಹೊತ್ತಲ್ಲ. ಕ್ಲೋರ್‌ಫೆನಿರಮಿನ್ ದೊಡ್ಡವರ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 20 ಗಂಟೆ ಬೇಕು. ಹನ್ನೆರಡಕ್ಕೆ ನುಂಗಿದ್ದು ಆರು ಗಂಟೆಗೆ ಬಹುಪಾಲು ಅಲ್ಲೇ ಕೂತಿರುತ್ತೆ. ಎರಡು ದಿನದಿಂದ ತಗೋತಾ ಇದ್ರೆ ಹಳೇದರ ಮೇಲೆ ಹೊಸದು ಪೇರಿಸಿಕೊಂಡಿರುತ್ತೆ.

ಮದ್ಯದ ಥರ ಇದು ಗಂಟೆಗಿಷ್ಟು ಅಂತ ಇಳಿಯಲ್ಲ, ಅರ್ಧ, ಅರ್ಧದಲ್ಲಿ ಅರ್ಧ ಅಂತ ಇಳಿಯುತ್ತೆ. ಅದಕ್ಕೇ ಬಾಲ ಉದ್ದ.

ಕೆಲಸ ಮಾಡೋದು ಹೀಗೆ: ಮೆದುಳಲ್ಲಿ ನಮ್ಮನ್ನ ಎಚ್ಚರ ಇಡೋ ಹಿಸ್ಟಮಿನ್ ಅನ್ನೋ ರಾಸಾಯನಿಕ ಇದೆ. ಹಳೇ ಕಾಲದ ಅಲರ್ಜಿ ಮಾತ್ರೆಗಳು ಮೂಗಿನಲ್ಲಿ ಹಿಸ್ಟಮಿನ್ನಿನ ಬೀಗಕ್ಕೆ ಅಡ್ಡ ಕೂರೋ ಹಾಗೆ ಮೆದುಳಿಗೂ ನುಗ್ಗಿ ಅಲ್ಲೂ ಕೂರ್ತವೆ. ಜಪಾನಿನ ಸಂಶೋಧಕರು ಮೆದುಳನ್ನ ಸ್ಕ್ಯಾನ್ ಮಾಡಿ ಯಾವ ಮಾತ್ರೆ ಎಷ್ಟು ಬೀಗ ಮುಚ್ಚುತ್ತೆ ಅಂತ ಅಳೆದಿದ್ದಾರೆ. ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ.ಗೇ ಸುಮಾರು ಅರ್ಧ ಮುಚ್ಚಿತ್ತು. ಡೈಫೆನ್‌ಹೈಡ್ರಮಿನ್ ರಾತ್ರಿ 50 ಮಿ.ಗ್ರಾಂ. ಕೊಟ್ಟು ಮಾರನೇ ದಿನ ನೋಡಿದ್ರೆ ಇನ್ನೂ ನಲವತ್ತು ಪರ್ಸೆಂಟಿನ ಮೇಲೆ ಮುಚ್ಚೇ ಇತ್ತು. ಫೆಕ್ಸೊಫೆನಡಿನ್ ಅನ್ನೋದು ಮೆದುಳಿಗೆ ಹೋಗೇ ಇರಲಿಲ್ಲ ಅನ್ನಬಹುದು.

2000ನೇ ಇಸವಿಯಲ್ಲಿ ಅಮೆರಿಕದ ಅಯೋವಾದಲ್ಲಿ ಡ್ರೈವಿಂಗ್ ಸಿಮ್ಯುಲೇಟರ್ ಪರೀಕ್ಷೆ ಮಾಡಿದ್ರು. ಅದೇ 40 ಜನಕ್ಕೆ ಬೇರೆ ಬೇರೆ ವಾರ ಡೈಫೆನ್‌ಹೈಡ್ರಮಿನ್ 50 ಮಿ.ಗ್ರಾಂ., ಫೆಕ್ಸೊಫೆನಡಿನ್, ರಕ್ತದಲ್ಲಿ 100 ಮುಟ್ಟೋಷ್ಟು ಮದ್ಯ, ಮತ್ತೆ ಬರೀ ಸಕ್ಕರೆ ಮಾತ್ರೆ. ಎಲ್ಲಕ್ಕಿಂತ ಕೆಟ್ಟದಾಗಿ ಓಡಿಸಿದ್ದು ಡೈಫೆನ್‌ಹೈಡ್ರಮಿನ್ ತಗೊಂಡಾಗ. ಮದ್ಯಕ್ಕಿಂತ ಕೆಟ್ಟದಾಗಿ! ಇನ್ನೊಂದು ಮುಖ್ಯ ವಿಷಯ: ನಿದ್ದೆ ಬರ್ತಿದೆಯಾ ಅಂತ ಕೇಳಿದ ಉತ್ತರಕ್ಕೂ ಅವರು ಓಡಿಸಿದ ರೀತಿಗೂ ತಾಳೆ ಆಗಲಿಲ್ಲ. "ನಂಗೆ ಈ ಮಾತ್ರೆಗೆ ನಿದ್ದೆನೇ ಬರಲ್ಲ" ಅನ್ನೋ ಗಿರಾಕಿಗಳು ದಿನಕ್ಕೆ ಹತ್ತು ಜನ ಬರ್ತಾರೆ, ಅವರಿಗೆ ಹೇಳೋದು ಇದನ್ನೇ.

ಗೇರ್_ಬಾಕ್ಸ್ · ಬೆಳಿಗ್ಗೆ 9:05

ನೆಗಡಿ ಮಾತ್ರೆ ಕುಡಿತಕ್ಕಿಂತ ಕೆಟ್ಟದು ಅಂದ್ರೆ ಸ್ವಲ್ಪ ಜಾಸ್ತಿ ಆಯ್ತು ಮೇಡಂ. ನೆಗಡಿ ಬಂದಾಗ ಇಡೀ ಕರ್ನಾಟಕ ಇದನ್ನೇ ನುಂಗೋದು, ಹಂಗಾದ್ರೆ ದಿನಾ ಸಾವಿರ ಆಕ್ಸಿಡೆಂಟ್ ಆಗ್ಬೇಕಿತ್ತು.

ಮದ್ದಿನಂಗಡಿ · ಬೆಳಿಗ್ಗೆ 9:30

ನೀವು ಹೇಳೋದ್ರಲ್ಲೂ ಅರ್ಧ ನಿಜ ಇದೆ. ಅದು ಡೈಫೆನ್‌ಹೈಡ್ರಮಿನ್, ಒಂದೇ ಡೋಸಿನ ನಂತರ ಕೆಲವೇ ಗಂಟೆಯಲ್ಲಿ ಅಳೆದದ್ದು. ಕ್ಲೋರ್‌ಫೆನಿರಮಿನ್ 2 ಮಿ.ಗ್ರಾಂ. ಅಷ್ಟೇ ಕೆಡಿಸುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ಆಕ್ಸಿಡೆಂಟ್ ಆದಾಗ ಚಾಲಕ ನೆಗಡಿ ಮಾತ್ರೆ ನುಂಗಿದ್ನಾ ಅಂತ ನಮ್ಮಲ್ಲಿ ಯಾರು ಕೇಳ್ತಾರೆ? ಊದಿಸೋ ಯಂತ್ರ ಅದನ್ನ ತೋರಿಸಲ್ಲ. "ನಿದ್ದೆಗಣ್ಣಲ್ಲಿ ಡಿವೈಡರ್‌ಗೆ ಗುದ್ದಿದ" ಅಂತ ಬರೆದು ಮುಗಿಸ್ತಾರೆ.

ಶಾರದಾ_ಹಾಸನ · ಬೆಳಿಗ್ಗೆ 10:10

ನಾನು ಪಿತ್ತದ ಗಂಧೆಗೆ ರಾತ್ರಿ ಹೈಡ್ರಾಕ್ಸಿಜಿನ್ 25 ಮಿ.ಗ್ರಾಂ. ತಗೋತೀನಿ, ಮೂರು ತಿಂಗಳಾಯ್ತು. ಬೆಳಿಗ್ಗೆ 8:30ಕ್ಕೆ ಮಗಳನ್ನ ಸ್ಕೂಟರಲ್ಲಿ ಶಾಲೆಗೆ ಬಿಡ್ತೀನಿ. ಮೊದಲ ವಾರ ತಲೆ ಭಾರ ಇತ್ತು, ಈಗ ಏನೂ ಇಲ್ಲ. ಇದು ಮೂತ್ರ ಪರೀಕ್ಷೇಲಿ ಸಿಗುತ್ತಾ? ನಮ್ಮ ಯಜಮಾನರ ಕಂಪನೀಲಿ ಡ್ರೈವರ್‌ಗಳಿಗೆ ಮಾಡ್ತಾರೆ.

ಮದ್ದಿನಂಗಡಿ · ಬೆಳಿಗ್ಗೆ 10:35

ಶಾರದಕ್ಕ, ಕಂಪನಿಗಳು ಸಾಮಾನ್ಯವಾಗಿ ಮಾಡೋ ಮೂತ್ರ ಪರೀಕ್ಷೆ ಗಾಂಜಾ, ಅಫೀಮು ಜಾತಿಯದ್ದನ್ನ ಹುಡುಕೋದು, ಅಲರ್ಜಿ ಮಾತ್ರೆಗಲ್ಲ. ಅದು ಬಿಡಿ. ನಿಮ್ಮ ಸ್ಕೂಟರ್ ಮುಖ್ಯ.

ದಿನಾ ತಗೊಂಡ್ರೆ ನಾಲ್ಕೈದು ದಿನದಲ್ಲಿ ಮಂಪರು ಒಗ್ಗಿಹೋಗೋದು ನಿಜ, ಹಾಗಾಗಿ ಮೊದಲ ವಾರದ ತಲೆಭಾರ ಹೋಗಿದೆ. ಆದರೆ ಹೈಡ್ರಾಕ್ಸಿಜಿನ್ನಿನದೂ 20 ಗಂಟೆ ಸುಮಾರಿನ ಲೆಕ್ಕವೇ, ಬೆಳಿಗ್ಗೆ ನಿಮ್ಮ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುತ್ತೆ. ಮಂಪರು ಒಗ್ಗಿದಷ್ಟೇ ಗಮನವೂ ವಾಪಸ್ ಬಂದಿದೆಯಾ ಅನ್ನೋದರಲ್ಲಿ ತಜ್ಞರದ್ದೂ ಒಂದೇ ಮಾತಿಲ್ಲ. ಗಂಧೆಗೆ ಈಗ ವೈದ್ಯರು ಮೊದಲು ಬರೆಯೋದು ಮಂಪರು ತರದ ಹೊಸ ಮಾತ್ರೆಗಳನ್ನೇ, ಬಿಲಾಸ್ಟಿನ್, ಫೆಕ್ಸೊಫೆನಡಿನ್ ಥರದ್ದು. ನಿಮ್ಮ ಚರ್ಮದ ಡಾಕ್ಟರ್ ಹತ್ರ "ನಾನು ಗಾಡಿ ಓಡಿಸ್ತೀನಿ" ಅಂತ ಒಂದು ಮಾತು ಹೇಳಿ, ಹೆಚ್ಚು ಕಮ್ಮಿ ಬದಲಾಯಿಸಿ ಕೊಡ್ತಾರೆ. ನೀವಾಗಿ ನಿಲ್ಲಿಸಬೇಡಿ.

ಬದಲಾಯಿಸಿದ್ರೆ ಒಂದು ಸೂಕ್ಷ್ಮ: ಫೆಕ್ಸೊಫೆನಡಿನ್ನನ್ನ ನೀರಲ್ಲೇ ನುಂಗಿ. ಕಿತ್ತಳೆ, ಸೇಬಿನ ಜ್ಯೂಸಲ್ಲಿ ನುಂಗಿದ್ರೆ ಅರ್ಧ ಒಳಗೇ ಹೋಗಲ್ಲ, ಆಮೇಲೆ "ಈ ಮಾತ್ರೆ ಕೆಲಸ ಮಾಡಲ್ಲ, ಹಳೇದೇ ಕೊಡಿ" ಅಂತ ಬರ್ತಾರೆ.

ತುಂಗಾತೀರ · ಬೆಳಿಗ್ಗೆ 10:50

ಸಿಟ್ರಿಜಿನ್? ಅದಂತೂ ಎಲ್ಲರ ಮನೆಯಲ್ಲೂ ಇದೆ.

ಮದ್ದಿನಂಗಡಿ · ಬೆಳಿಗ್ಗೆ 11:00

ಮಧ್ಯದ್ದು. 10 ಮಿ.ಗ್ರಾಂ.ಗೆ ಮೆದುಳಿನ ಬೀಗ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮುಚ್ಚುತ್ತೆ, 20 ನುಂಗಿದ್ರೆ ನಾಲ್ಕರಲ್ಲೊಂದು. ಕೆಲವರಿಗೆ ಏನೂ ಆಗಲ್ಲ, ಕೆಲವರು ತೂಕಡಿಸ್ತಾರೆ. ಮೊದಲ ಸಲ ನುಂಗೋದನ್ನ ದೂರ ಪ್ರಯಾಣದ ಹಿಂದಿನ ರಾತ್ರಿ ಇಟ್ಕೋಬೇಡಿ. ಬಸ್ಸಲ್ಲಿ ವಾಂತಿ ಆಗದ ಹಾಗೆ ತಗೊಳೋ ಪ್ರೊಮೆಥಜಿನ್ ಮಾತ್ರೆ ಕೂಡ ಹಳೇ ಜಾತಿಯದ್ದೇ, ಘಾಟಿ ರಸ್ತೇಲಿ ಓಡಿಸೋರೇ ಅದನ್ನ ನುಂಗಿದ್ರೆ ಕತೆ ಮುಗೀತು.

ಟೊರಾಂಟೊ_ಕನ್ನಡಿಗ · ಸಂಜೆ 6:30

ಗೆಳೆಯನ ಭಂಗಿ ಉಂಡೆ ವಿಷಯ ಯಾರೂ ಮುಟ್ಟಿಲ್ಲ, ನನಗೆ ಗೊತ್ತಿರೋ ಕ್ಷೇತ್ರ ಇದೇ ಆದ್ದರಿಂದ ಬರೀತೀನಿ. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಗಾಂಜಾ ಕಾನೂನುಬದ್ಧ. ಹಾಗಾಗಿ "ಎಷ್ಟು ಹೊತ್ತು ಕಾಯಬೇಕು" ಅನ್ನೋದು ಇಲ್ಲಿ ದಿನನಿತ್ಯದ ಪ್ರಶ್ನೆ.

ಸೇದಿದ್ದಕ್ಕೂ ತಿಂದದ್ದಕ್ಕೂ ಅಜಗಜಾಂತರ. ಸೇದಿದರೆ ಹತ್ತು ನಿಮಿಷದೊಳಗೆ ರಕ್ತದಲ್ಲಿ ಶಿಖರ ಮುಟ್ಟುತ್ತೆ, ಒಂದೆರಡು ಗಂಟೆಯಲ್ಲಿ ರಕ್ತದ ಅಂಕಿ ಜರ್ರನೆ ಇಳಿಯುತ್ತೆ, ಆದರೆ ಓಡಿಸುವ ಸಾಮರ್ಥ್ಯ ಸರಿಯಾಗೋಕೆ ನಾಲ್ಕೈದು ಗಂಟೆ ಬೇಕು. ಇಲ್ಲಿನ ಸಾರ್ವಜನಿಕ ಸಲಹೆ ಕನಿಷ್ಠ 6ರಿಂದ 8 ಗಂಟೆ ಕಾಯಿರಿ ಅಂತ. ತಿಂದರೆ 8ರಿಂದ 12.

ತಿಂದದ್ದು ಹೊಟ್ಟೆಯಿಂದ ಯಕೃತ್ತಿಗೆ ಹೋಗಿ, ಅಲ್ಲಿ ಇನ್ನೂ ಜೋರಾದ ಇನ್ನೊಂದು ರೂಪ ಪಡೆದು ಮೆದುಳಿಗೆ ಹೋಗುತ್ತೆ. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ಗೊತ್ತಾಗಲ್ಲ. ಎಡವಟ್ಟಾಗೋದು ಇಲ್ಲೇ. ರಾತ್ರಿ ಹನ್ನೊಂದಕ್ಕೆ ಒಂದು ಉಂಡೆ, "ಏನೂ ಹತ್ತಲೇ ಇಲ್ಲ" ಅಂತ ಹನ್ನೆರಡೂ ಕಾಲಿಗೆ ಇನ್ನೊಂದು. ಬೀಗರೂಟದ ಎಣ್ಣೆ, ತುಪ್ಪದ ಊಟ ಬೇರೆ. ಎರಡನೆಯದರ ಶಿಖರ ಬೆಳಗಿನ ಜಾವ ಮೂರು, ನಾಲ್ಕು ಗಂಟೆಗೆ. ಎಂಟು ಗಂಟೆ ಕಾಯಬೇಕು ಅಂದರೂ ಬೆಳಿಗ್ಗೆ 8:15, ಹನ್ನೆರಡು ಅಂದರೆ ಮಧ್ಯಾಹ್ನ 12:15. ಆರು ಗಂಟೆಗೆ ಅವನು ಇನ್ನೂ ಇಳಿಜಾರಿನ ಮೇಲ್ಭಾಗದಲ್ಲಿರ್ತಾನೆ. ಉಂಡೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಕಟ್ಟಿದವನಿಗೂ ಗೊತ್ತಿರಲ್ಲ. ವಿಸ್ಕಿಗೆ ಲೇಬಲ್ಲಾದರೂ ಇದೆ.

ಗೇರ್_ಬಾಕ್ಸ್ · ಸಂಜೆ 6:52

ಆದ್ರೆ ಗಾಂಜಾ ಹೊಡೆದೋರು ನಿಧಾನಕ್ಕೇ ಓಡಿಸ್ತಾರೆ, ಕುಡಿದೋರ ಥರ ನುಗ್ಗಲ್ಲ. ಅದಾದ್ರೂ ನಿಜ ತಾನೆ?

ಟೊರಾಂಟೊ_ಕನ್ನಡಿಗ · ಸಂಜೆ 7:20

ನಿಜ, ಪ್ರಯೋಗಗಳಲ್ಲೂ ಅದು ಕಂಡಿದೆ. ವೇಗ ಕಮ್ಮಿ ಮಾಡ್ತಾರೆ, ಮುಂದಿನ ಗಾಡಿಯಿಂದ ದೂರ ಇಟ್ಕೋತಾರೆ. ಕುಡಿದವನು ತನ್ನನ್ನ ಹೆಚ್ಚು ಅಂದ್ಕೋತಾನೆ, ಇವನು ಎಡವಟ್ಟಾಗಿದೆ ಅಂತ ತಿಳಿದು ಸರಿದೂಗಿಸೋಕೆ ನೋಡ್ತಾನೆ. ಆದರೆ ವೇಗ ಇಳಿಸಿ ಸರಿದೂಗಿಸೋಕೆ ಆಗದ್ದು ಎರಡಿದೆ. ಒಂದು, ಗಾಡಿ ಲೇನಿನೊಳಗೆ ಎಡಕ್ಕೂ ಬಲಕ್ಕೂ ತೂಗೋದು. ಇನ್ನೊಂದು, ದಿಢೀರ್ ಎದುರಾದದ್ದಕ್ಕೆ ಸ್ಪಂದಿಸೋದು. ನಿಮ್ಮ ಹೆದ್ದಾರಿಯಲ್ಲಿ ಡಿವೈಡರ್ ಸಂದಿಯಿಂದ ಎದುರು ದಿಕ್ಕಲ್ಲಿ ಬರೋ ಟ್ರ್ಯಾಕ್ಟರ್‌ಗೆ ನಿಧಾನ ಒಂದೇ ಸಾಲದು.

ಆ ತೂಗಾಟ ಎಷ್ಟಿರುತ್ತೆ ಅಂತ ಹೇಳಿದರೆ ನಗ್ತೀರಿ. ನೆದರ್‌ಲೆಂಡ್ಸ್‌ನಲ್ಲಿ ಗಂಟೆಗೆ 95 ಕಿ.ಮೀ. ವೇಗದಲ್ಲಿ ನಿಜವಾದ ಹೆದ್ದಾರಿಯಲ್ಲೇ 100 ಕಿ.ಮೀ. ಓಡಿಸಿ, ಪಕ್ಕದಲ್ಲಿ ತರಬೇತುದಾರನನ್ನ ಕೂರಿಸಿ, ಕ್ಯಾಮೆರಾದಲ್ಲಿ ತೂಗಾಟ ಅಳೆಯೋ ಪದ್ಧತಿ ಇದೆ. ರಕ್ತದಲ್ಲಿ 50 ಮದ್ಯ ಇದ್ದಾಗ ತೂಗಾಟ ಹೆಚ್ಚಾಗೋದು ಸರಾಸರಿ 2.4 ಸೆಂಟಿಮೀಟರ್. ಅಷ್ಟೇ. ಓಡಿಸೋನಿಗೂ ಪಕ್ಕದವನಿಗೂ ಗೊತ್ತಾಗದಷ್ಟು. ಆದರೆ ಅದು ಗಮನದ ಹಿಡಿತ ಸಡಿಲಾಗಿರೋದರ ಗುರುತು, ಬೇರೆ ಔಷಧಿಗಳನ್ನೆಲ್ಲ ಈ ಅಳತೆಗೋಲಿಗೇ ಹೋಲಿಸಿ ನೋಡ್ತಾರೆ.

2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 191 ಗಾಂಜಾ ಬಳಕೆದಾರರನ್ನ ಸಿಮ್ಯುಲೇಟರ್‌ನಲ್ಲಿ ಕೂರಿಸಿದ ಅಧ್ಯಯನ ಬಂತು. ಸೇದಿ ಅರ್ಧ ಗಂಟೆಗೆ ಎಡವಟ್ಟು, ಒಂದೂವರೆ ಗಂಟೆಗೂ ಅಷ್ಟೇ ಎಡವಟ್ಟು. ಆದರೆ ಒಂದೂವರೆ ಗಂಟೆ ಹೊತ್ತಿಗೆ "ಈಗ ಓಡಿಸಬಲ್ಲೆ" ಅನ್ನೋರ ಸಂಖ್ಯೆ ಮಾತ್ರ ಏರಿತ್ತು. ಸರಿಯಾದದ್ದು ನಾಲ್ಕೂವರೆ ಗಂಟೆ ಹೊತ್ತಿಗೆ. ರಕ್ತದ ಅಂಕಿಗೂ ಓಡಿಸಿದ ರೀತಿಗೂ ಸಂಬಂಧವೇ ಕಾಣಲಿಲ್ಲ. ಕೆನಡಾದ ಕಾನೂನು ಒಂದು ಮಿ.ಲೀ. ರಕ್ತಕ್ಕೆ 2 ನ್ಯಾನೊಗ್ರಾಂ, 5 ನ್ಯಾನೊಗ್ರಾಂ ಅಂತ ಎರಡು ಗೆರೆ ಎಳೆದಿದೆ, ನನ್ನ ಮಟ್ಟಿಗೆ ಅವು ಆಡಳಿತದ ಅನುಕೂಲಕ್ಕೆ ಎಳೆದ ಗೆರೆಗಳು. ಅದೇ ಕಾನೂನಿನಲ್ಲಿ ಮದ್ಯ ಜೊತೆಗಿದ್ದರೆ 50 ಮತ್ತು 2.5ಕ್ಕೇ ಅಪರಾಧ ಅಂತ ಇಟ್ಟಿರೋದು ಮಾತ್ರ ಸರಿ. ಎರಡೂ ಸೇರಿದರೆ ಒಂದೊಂದಕ್ಕಿಂತ ತುಂಬಾ ಕೆಟ್ಟದು.

ರಕ್ತನಮೂನೆ · ರಾತ್ರಿ 8:05

ಇಲ್ಲಿ ಆ ಗೆರೆಯೂ ಇಲ್ಲ. 185ನೇ ಕಲಂನ ಎರಡನೇ ಭಾಗ "ವಾಹನದ ಮೇಲೆ ಸರಿಯಾದ ಹಿಡಿತ ಇಟ್ಟುಕೊಳ್ಳಲಾಗದಷ್ಟು ಮಾದಕವಸ್ತುವಿನ ಪ್ರಭಾವ" ಎಂಬರ್ಥದಲ್ಲಿದೆ, ಅಂಕಿ ಇಲ್ಲ. ಮೂತ್ರದಲ್ಲಿ ಗಾಂಜಾದ ಕುರುಹು ದಿನಗಟ್ಟಲೆ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಸಿಗುತ್ತದೆ. ಅದು "ಎಂದೋ ಬಳಸಿದ್ದಾನೆ" ಎಂದಷ್ಟೇ ಹೇಳುತ್ತದೆ, ಓಡಿಸುವಾಗ ಅಮಲಿನಲ್ಲಿದ್ದ ಎಂದಲ್ಲ. ಶಾರದಾ ಅವರ ಯಜಮಾನರ ಕಂಪನಿಯ ಪರೀಕ್ಷೆಯ ಮಿತಿಯೂ ಇದೇ.

ಹೆದ್ದಾರಿ_ಹಕ್ಕಿ · ರಾತ್ರಿ 8:40

ಅಂದರೆ ಆರು ಗಂಟೆಗೆ ಮೂವರಲ್ಲಿ ಯಾರೂ ಸರಿ ಇರಲ್ಲ! ಭಾವನಿಗೆ ಮಾತ್ರೆ ಬದಲಾಯಿಸಿದರೆ? ಫೆಕ್ಸೊಫೆನಡಿನ್ ಕೊಟ್ಟರೆ ನೆಗಡಿನೂ ಹೋಗುತ್ತೆ, ಅವರೇ ಓಡಿಸಬಹುದಲ್ಲ?

ಮದ್ದಿನಂಗಡಿ · ರಾತ್ರಿ 9:10

ಅಲರ್ಜಿ ಶೀನಾದ್ರೆ ಹೌದು. ಇದು ವೈರಸ್ ನೆಗಡಿ ಆದ್ರೆ ಹೊಸ ಮಾತ್ರೆಗಳಿಂದ ಅಂಥಾ ಲಾಭ ಇಲ್ಲ. ಹಳೇ ಮಾತ್ರೆ ಮೂಗು ಒಣಗಿಸೋದು ಅದರ ಇನ್ನೊಂದು ಗುಣದಿಂದ, ಬಾಯಿ ಒಣಗಿಸುತ್ತಲ್ಲ, ಅದೇ ಗುಣ. ಹೊಸದರಲ್ಲಿ ಅದಿಲ್ಲ.

ಹಾಗಾಗಿ ಶುಕ್ರವಾರ ರಾತ್ರಿ, ಅಂದ್ರೆ ಇವತ್ತಿಂದಲೇ, ಆ ಕ್ಲೋರ್‌ಫೆನಿರಮಿನ್ ಮಾತ್ರೆ ನಿಲ್ಲಿಸಿ. ಭಾನುವಾರ ಬೆಳಿಗ್ಗೆಗೆ ಬಹುಪಾಲು ಇಳಿದಿರುತ್ತೆ. ಮೈಕೈ ನೋವಿಗೆ ಬರೀ ಪ್ಯಾರಾಸಿಟಮಾಲ್ 500 ಅಥವಾ 650, ಪ್ಯಾಕೆಟ್ಟಲ್ಲಿ ಆ ಒಂದೇ ಹೆಸರು ಇರಬೇಕು. ಮೂಗಿಗೆ ಉಪ್ಪುನೀರಿನ ಡ್ರಾಪ್ಸು, ಬಿಸಿನೀರಿನ ಹಬೆ. ತೀರಾ ಕಟ್ಟಿದ್ರೆ ಆಕ್ಸಿಮೆಟಾಜೊಲಿನ್ ಡ್ರಾಪ್ಸ್ ರಾತ್ರಿ ಒಂದ್ಸಲ, ಆದರೆ ಮೂರು ದಿನಕ್ಕಿಂತ ಜಾಸ್ತಿ ಹಾಕಿದ್ರೆ ಮೂಗು ಇನ್ನೂ ಜಾಸ್ತಿ ಕಟ್ಟುತ್ತೆ. ಬಿ.ಪಿ. ಇದ್ರೆ ಡಾಕ್ಟರ್‌ನ ಕೇಳದೆ ಬೇಡ. ಕೆಮ್ಮಿನ ಸಿರಪ್ಪು ಬಾಟಲಿ ಹಿಂದೆನೂ ಓದಿ, ಅಲ್ಲೂ ಕ್ಲೋರ್‌ಫೆನಿರಮಿನ್ ಕೂತಿರುತ್ತೆ.

ಹೆದ್ದಾರಿ_ಹಕ್ಕಿ · ರಾತ್ರಿ 9:45

ಭಾವನಿಗೆ ಫೋನ್ ಮಾಡಿದೆ. "ಮಾತ್ರೆ ಇಲ್ದಿದ್ರೆ ನಂಗೆ ನಿದ್ದೆನೇ ಬರಲ್ಲ" ಅಂತಾರೆ. ಈಗ ಇದಕ್ಕೇನು ಮಾಡೋದು?

ರಕ್ತನಮೂನೆ · ರಾತ್ರಿ 10:00

ಒಳ್ಳೆಯ ಪ್ರಶ್ನೆ, ಇದಕ್ಕೆ ಶುದ್ಧ ಉತ್ತರ ನನ್ನ ಬಳಿ ಇಲ್ಲ. ಹನ್ನೆರಡೂವರೆಗೆ ಮಲಗಿ ಐದಕ್ಕೆ ಎದ್ದು, ಅದೂ ನೆಗಡಿಯಲ್ಲಿ, ಏನೂ ತೆಗೆದುಕೊಳ್ಳದವನೂ ಚೆನ್ನಾಗಿ ಓಡಿಸುವುದಿಲ್ಲ. ಹಾಗೆಯೇ ನಿಮ್ಮ ರಕ್ತದಲ್ಲಿ ಮದ್ಯ ಸೊನ್ನೆ ಆದ ಮೇಲೂ ಹ್ಯಾಂಗೋವರ್ ಇರುವವರು ಸಿಮ್ಯುಲೇಟರ್‌ನಲ್ಲಿ ಹೆಚ್ಚು ತೂಗಾಡಿದ್ದು ದಾಖಲಾಗಿದೆ. ಅದರಲ್ಲಿ ನಿದ್ದೆಗೆಟ್ಟದ್ದರ ಪಾಲೆಷ್ಟು, ಮದ್ಯದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆರು ಗಂಟೆಯನ್ನೇ ಯಾಕೆ ಹಿಡಿದುಕೊಂಡಿದ್ದೀರಿ?

ಹೆದ್ದಾರಿ_ಹಕ್ಕಿ · ರಾತ್ರಿ 10:12

ತುಮಕೂರು ಕಡೆಯ ಟ್ರಾಫಿಕ್ಕಿಗೆ ಮುಂಚೆ ದಾಟಬೇಕು ಅಂತ ಅಷ್ಟೇ.

ತುಂಗಾತೀರ · ರಾತ್ರಿ 10:20

ಹಂಗಾದರೆ ನೀವೇ ಒಂದು ನೈಂಟಿಗೆ ನಿಲ್ಲಿಸಿ, ಹತ್ತೂವರೆಗೆ ಮುಗಿಸಿ ಮಲಗಿ. ರಕ್ತನಮೂನೆಯವರ ಲೆಕ್ಕದಲ್ಲಿ 64, ಗಂಟೆಗೆ ಹತ್ತರಂತೆ ಕಳೆದರೂ ಮೂರೂವರೆ ಹೊತ್ತಿಗೆ ಸೊನ್ನೆ. ಭಾವ ಮಾತ್ರೆ ನುಂಗಿ ಹಿಂದೆ ಮಲಗಲಿ.

ಬಸವರಾಜ_ಹುಬ್ಬಳ್ಳಿ · ರಾತ್ರಿ 10:31

ಬೀಗರೂಟದಾಗ ಒಂದ ನೈಂಟಿಗೆ ನಿಲ್ಲಸಾವ್ರನ್ನ ನಾ ಇನ್ನೂ ನೋಡಿಲ್ರಿ.

ಹೆದ್ದಾರಿ_ಹಕ್ಕಿ · ರಾತ್ರಿ 10:40

ಅದೂ ನಿಜ. ಟೆಟ್ರಾ ಪ್ಯಾಕ್ ಒಂದನ್ನೇ ಜೇಬಲ್ಲಿ ತಗೊಂಡು ಹೋಗ್ತೀನಿ, ಬೇರೆಯವರು ಸುರಿದ ಲೋಟ ಮುಟ್ಟಲ್ಲ. ಜಾರಿದರೆ ಹೊರಡೋದು ಮಧ್ಯಾಹ್ನ ಊಟ ಆದ ಮೇಲೆ ಅಂತ ಅಕ್ಕನಿಗೆ ಈಗಲೇ ಹೇಳಿಟ್ಟಿದ್ದೀನಿ. ಗೆಳೆಯನಿಗೆ ಉಂಡೆಯ ಲೆಕ್ಕ ಓದಿ ಹೇಳಿದೆ, "ಹಂಗಾದ್ರೆ ನಾನು ಓಡಿಸಲ್ಲ, ಉಂಡೆ ಬಿಡಲ್ಲ" ಅಂದ.